ಬಚ್ಚಲಿಗೆ ನನ್ನ ಬೀಗ

ಸಿಂಧನೂರಿನಲ್ಲಿ ಫ್ಲ್ಯಾಟ್ ಕೊಳ್ಳುತ್ತೇನೆ ಎಂದಾಗ ನಮ್ಮವರಲ್ಲಿ ಅರ್ಧ ಜನ ನಕ್ಕರು. ಕಾಲಿಗೆ ಮಣ್ಣು ಹತ್ತದ ಮನೆ ಎಂಥ ಮನೆ ಎಂದರು. ನಾನು ನಗಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಅವ್ವ ಜವಳಗೇರಾದ ಕಂಡವರ ಗದ್ದೆಗಳಲ್ಲಿ ಭತ್ತದ ನಾಟಿ ಮಾಡಿದಳು, ನಾನು ಸರ್ಕಾರಿ ಹಾಸ್ಟೆಲಿನ ತಿಳಿಸಾರು ಉಂಡು ಓದಿದೆ, ಈಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ಮೊದಲು ನಮ್ಮ ಜಾತಿ ಕೇಳಿದರು, ಆಮೇಲೆ ನನ್ನ ನೌಕರಿ ಕೇಳಿದರು. ಅದಕ್ಕೇ ನನಗೆ ನನ್ನದೇ ಬಾಗಿಲು ಬೇಕಿತ್ತು. ಆ ಬಾಗಿಲನ್ನು ತಲೆ ತಗ್ಗಿಸಿ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ.

ಮನೆ ತಯಾರಾಗಿದೆ ಎಂದು ಬಿಲ್ಡರ್ ಕಡೆಯ ಮನುಷ್ಯ ಮೊಬೈಲಿಗೆ ಸಂದೇಶ ಹಾಕಿದ. ಲಿಂಗಸುಗೂರು ಕಡೆಯವನು, ಇಸ್ತ್ರಿ ಅಂಗಿ, ಎರಡು ಫೋನು, ಮಾತು ಬಲು ನಯ. ಶುಕ್ರವಾರ ಹನ್ನೊಂದಕ್ಕೆ ಬನ್ನಿ, ಮನೆ ನೋಡಿ, ಸಹಿ ಹಾಕಿ, ಬೀಗದ ಕೈ ಒಯ್ಯಿರಿ, ಹದಿನೈದು ನಿಮಿಷದ ಕೆಲಸ ಎಂದು ಬರೆದಿದ್ದ. ಕೆಳಗೆ ಒಂದು ಪತ್ರ ಅಂಟಿಸಿದ್ದ. ‘ಮನೆಯನ್ನು ಪರಿಶೀಲಿಸಿ ಸಂಪೂರ್ಣ ತೃಪ್ತಿಯಿಂದ ಸ್ವಾಧೀನಕ್ಕೆ ಪಡೆದಿದ್ದೇನೆ’ ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ನಾನಿನ್ನೂ ಮನೆಯೊಳಗೆ ಕಾಲಿಟ್ಟಿರಲಿಲ್ಲ, ನನ್ನ ತೃಪ್ತಿ ಮಾತ್ರ ಮುಂಚೆಯೇ ಬಂದು ಕೂತಿತ್ತು.

ಸಿವಿಲ್ ಎಂಜಿನಿಯರ್ ಆಗಿರುವ ಹಾಸ್ಟೆಲ್ ಗೆಳತಿಗೆ ಫೋನ್ ಮಾಡಿದೆ. ಏನೇನು ನೋಡಬೇಕೆಂದು ಅವಳು ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ಪ್ರತಿ ಕಿಟಕಿ ತೆರೆದು ಮುಚ್ಚಬೇಕು. ಪ್ರತಿ ಪ್ಲಗ್ಗಿಗೆ ಚಾರ್ಜರ್ ಚುಚ್ಚಬೇಕು. ಟೈಲ್ಸ್ ಮೇಲೆ ನಾಣ್ಯದಿಂದ ಬಡಿದು ಟೊಳ್ಳು ಸದ್ದು ಕೇಳಬೇಕು. ಎಲ್ಲ ನಳ ಒಮ್ಮೆಗೇ ಬಿಟ್ಟು ನೀರಿನ ರಭಸ ನೋಡಬೇಕು. ಕೊನೆಗೆ ಒಂದು ಮಾತು ಒತ್ತಿ ಹೇಳಿದಳು: ಬಚ್ಚಲ ತೂತು ಮುಚ್ಚಿ ನೀರು ನಿಲ್ಲಿಸು, ಎರಡು ದಿನ ಬಿಡು, ಆಮೇಲೆ ಕೆಳಗಿನ ಮನೆಯ ಚಾವಣಿ ನೋಡು. ನಿನ್ನ ಬಚ್ಚಲು ಸೋರುತ್ತದೋ ಇಲ್ಲವೋ ನಿನ್ನ ಮನೆಯಲ್ಲಿ ನಿಂತರೆ ಗೊತ್ತಾಗುವುದಿಲ್ಲ, ಕೆಳಗಿನವರ ತಲೆಯ ಮೇಲೆ ಗೊತ್ತಾಗುತ್ತದೆ.

ನಾನು ಮರುಸಂದೇಶ ಬರೆದೆ. ಶುಕ್ರವಾರ ಬೇಡ, ಶನಿವಾರ ಬೆಳಿಗ್ಗೆ ಬರುತ್ತೇನೆ, ಜೊತೆಗೆ ಎಂಜಿನಿಯರ್ ಗೆಳತಿ ಇರುತ್ತಾಳೆ, ಗೇಟಿನಲ್ಲಿ ಇಬ್ಬರ ಹೆಸರೂ ಕೊಟ್ಟಿರಿ. ಮೇಲಿನ ಟ್ಯಾಂಕಿನಲ್ಲಿ ನೀರು ತುಂಬಿರಲಿ, ಮೀಟರಿಗೆ ಕರೆಂಟ್ ಬಂದಿರಲಿ. ಕಟ್ಟಡ ವಾಸಕ್ಕೆ ಯೋಗ್ಯ ಎಂದು ನಗರಸಭೆ ಕೊಟ್ಟ ಪ್ರಮಾಣಪತ್ರದ ಪ್ರತಿ ತನ್ನಿರಿ. ಬಚ್ಚಲಲ್ಲಿ ಎರಡು ದಿನ ನೀರು ನಿಲ್ಲಿಸಿ, ಸೋಮವಾರ ಮತ್ತೆ ಬಂದು ಕೆಳಗಿನ ಮನೆಯ ಚಾವಣಿ ನೋಡುತ್ತೇನೆ. ಸಹಿ ಆಮೇಲೆ.

ಅವನು ತಕ್ಷಣ ಫೋನ್ ಮಾಡಿದ. ಶನಿವಾರಕ್ಕೆ ಒಪ್ಪಿದ, ಗೆಳತಿಗೂ ಒಪ್ಪಿದ, ಲಿಫ್ಟ್ ಇನ್ನೂ ಚಾಲೂ ಆಗಿಲ್ಲ, ಮೆಟ್ಟಿಲು ಹತ್ತಬೇಕು ಎಂದು ಮುಂಚೆಯೇ ತಿಳಿಸಿದ. ಬಚ್ಚಲ ಮಾತಿಗೆ ಬಂದಾಗ ದನಿ ಬದಲಾಯಿತು.

“ಮೇಡಂ, ನೀವು ಓದಿದೋರು. ಹಿಂಗ ಸಂಶೇ ಮಾಡಿದ್ರ ಹೆಂಗ್ರಿ?”

“ಓದೀನಿ ಅಂತನ ಕೇಳಾಕತ್ತೀನ್ರಿ. ಓದಲಾರದ್ದಕ್ಕ ನಮ್ಮವ್ವ ಜೀವನಪೂರ್ತಿ ಅವರಿವರು ತೋರಿಸಿದಲ್ಲಿ ಹೆಬ್ಬಟ್ಟು ಒತ್ಯಾಳ.”

ಅವನು ಬೇರೆ ದಾರಿ ಹಿಡಿದ. ಕೆಳಗಿನ ಮನೆಯವರು ಆಗಲೇ ಬೀಗದ ಕೈ ಒಯ್ದಿದ್ದಾರೆ, ಮಸ್ಕಿಯಲ್ಲಿ ಬಟ್ಟೆ ಅಂಗಡಿಯವರು, ಇಲ್ಲಿ ಇನ್ನೂ ವಾಸಕ್ಕೆ ಬಂದಿಲ್ಲ. ಅವರ ಮನೆಯೊಳಗೆ ನಿಮ್ಮನ್ನು ಬಿಡುವ ಅಧಿಕಾರ ಕಂಪನಿಗಿಲ್ಲ ಎಂದ. ಅದು ನಿಜವೇ ಆಗಿತ್ತು. ಫೋನ್ ನಂಬರ್ ಕೊಡಲೂ ಬರುವುದಿಲ್ಲ ಎಂದ, ಅದೂ ಸರಿಯೇ. ಅಂಗಡಿ ಬಜಾರಿನಲ್ಲಿದೆ ಎನ್ನುವುದು ಮಾತ್ರ ಬಾಯಿತಪ್ಪಿ ಬಂತು.

ಗುರುವಾರ ಕಾಲೇಜು ಮುಗಿಸಿ ಮಸ್ಕಿ ಬಸ್ಸು ಹತ್ತಿದೆ. ಬಜಾರಿನಲ್ಲಿ ಕೇಳುತ್ತಾ ಹೋದೆ, ಸಿಂಧನೂರಿನಲ್ಲಿ ಫ್ಲ್ಯಾಟ್ ತಗೊಂಡವರು ಎಂದೊಡನೆ ಎರಡನೇ ಅಂಗಡಿಯವನೇ ಕೈ ತೋರಿಸಿದ. ಗಲ್ಲಾಪೆಟ್ಟಿಗೆಯ ಮುಂದೆ ಗಂಡ ಕೂತಿದ್ದರು, ಹೆಂಡತಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ನಾನು ಬಂದ ಕೆಲಸ ಹೇಳಿದೆ. ಗಂಡನಿಗೆ ಅನುಮಾನ. ಗುರುತಿಲ್ಲದ ಹೆಂಗಸು ತಮ್ಮ ಮನೆಯ ಚಾವಣಿ ನೋಡಬೇಕು ಎಂದರೆ ಯಾರಿಗಾದರೂ ಬರುವ ಅನುಮಾನವೇ. ಹೆಂಡತಿ ಸೀರೆ ಮಡಚುತ್ತಲೇ ಅವರಿಗೆ ದಖ್ಖನಿಯಲ್ಲಿ ಹೇಳಿದರು: “ದೇದೋ ಜೀ, ಪಾನಿ ಅಪ್ನೇಚ್ ಸಿರ್ ಪೋ ಗಿರ್ತಾ.” ಕೊಟ್ಟುಬಿಡಿ, ನೀರು ಬೀಳುವುದು ನಮ್ಮದೇ ತಲೆಯ ಮೇಲೆ ಎಂದು. ಆಮೇಲೆ ನನ್ನ ಕಡೆ ತಿರುಗಿ, ಬೀಗದ ಕೈ ಕೊಡೋದಿಲ್ಲ, ಎರಡೂ ದಿನ ನಾವೇ ಬರುತ್ತೇವೆ ಎಂದರು. ನನಗೆ ಅದು ಇನ್ನೂ ಚೊಲೋ ಆಯಿತು.

ಇತ್ತ ಮನೆಯಲ್ಲಿ ಅವ್ವ ಬೇರೆಯೇ ಸಿದ್ಧತೆಯಲ್ಲಿದ್ದಳು. ಮಂಗಳವಾರ ಹಾಲು ಉಕ್ಕಿಸಲು ದಿನ ಚೆನ್ನಾಗಿದೆ ಎಂದು ಯಾರನ್ನೋ ಕೇಳಿ, ಲಿಂಗಸುಗೂರಿನ ಚಿಗವ್ವನಿಗೂ ವಳಕಮದಿನ್ನಿಯ ಸೋದರಮಾವನಿಗೂ ಹೇಳಿಬಿಟ್ಟಿದ್ದಳು. ಚಿಗವ್ವನ ಊರ ಕಡೆಯವನೇ ಆದ ಕಂಪನಿಯವನ ಕಿವಿಗೂ ಅದು ಬಿದ್ದಿತ್ತು. ಶನಿವಾರ ಗೇಟಿನಲ್ಲಿ ಸಿಕ್ಕ ಕೂಡಲೇ, ಮಂಗಳವಾರ ಪೂಜೆ ಆರಾಮಾಗಿ ಮಾಡಿಕೊಳ್ಳಿ, ಇವತ್ತೇ ಸಹಿ ಹಾಕಿದರೆ ನಾನೇ ಹೂವಿನ ತೋರಣ ಕಟ್ಟಿಸುತ್ತೇನೆ ಎಂದ. ನಾನು ತೋರಣದ ವಿಷಯ ಬಿಟ್ಟು, ಪ್ರಮಾಣಪತ್ರದ ಪ್ರತಿ ಇಸಿದುಕೊಂಡು, ಟ್ಯಾಂಕಿನಲ್ಲಿ ನೀರಿದೆಯೇ ಎಂದು ಕೇಳಿದೆ. ಇತ್ತು.

ಮಸ್ಕಿಯ ಗಂಡ ಹೆಂಡತಿಯೂ ಬಂದಿದ್ದರು, ಮೊದಲು ಕೆಳಗಿನ ಅವರ ಮನೆಗೆ ಹೋದೆವು. ಬಚ್ಚಲ ಚಾವಣಿ ಒಣಗಿತ್ತು. ಎಲ್ಲರ ಎದುರಿಗೇ ಗೆಳತಿ ಅದರ ಫೋಟೊ ತೆಗೆದಳು. ಆಮೇಲೆ ಮೇಲೆ ಬಂದು ಕೋಣೆ ಕೋಣೆ ನೋಡಿದೆವು. ಪಡಸಾಲೆಯ ಕಿಟಕಿಯ ಚಿಲಕ ಕೂರುತ್ತಿರಲಿಲ್ಲ, ಅಡುಗೆಮನೆಯ ಒಂದು ಪ್ಲಗ್ಗು ಸತ್ತಿತ್ತು, ಒಲೆಯ ಕಟ್ಟೆಯ ಮುಂದೆ ಟೈಲ್ಸ್ ಟೊಳ್ಳು ಬಡಿಯಿತು. ಪ್ರತಿಯೊಂದಕ್ಕೂ ಅವನು ‘ಮಾಡಿಸೋಣ್ರಿ’ ಎಂದ, ಪ್ರತಿಯೊಂದನ್ನೂ ನಾನು ಬರೆದುಕೊಂಡೆ. ಕೊನೆಗೆ ಬಚ್ಚಲ ತೂತಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಹೊಸ್ತಿಲಿಗಿಂತ ಕೆಳಗೆ ನಿಲ್ಲುವಷ್ಟು ನೀರು ಬಿಟ್ಟು, ಗೋಡೆಯ ಟೈಲ್ಸಿನ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆದೆವು.

ಈಗ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಜಗಳ ಬಂತು. ಸಹಿ ಇಲ್ಲದೆ ಮನೆಯ ಬೀಗದ ಕೈ ಕೊಡಲು ಅವನಿಗೆ ಬರುವುದಿಲ್ಲ. ಅವನ ಬಳಿಯೇ ಬಿಟ್ಟರೆ ರಾತ್ರೋರಾತ್ರಿ ಬಟ್ಟೆ ತೆಗೆದು ನೀರು ಬಿಟ್ಟುಬಿಡುತ್ತಾರೆ ಎಂಬ ಭಯ ನನಗೆ. ನಾನು ವ್ಯಾನಿಟಿ ಬ್ಯಾಗಿನಿಂದ ನಮ್ಮ ಬಾಡಿಗೆ ಮನೆಯ ಹಳೇ ಬೀಗ ತೆಗೆದು ಬಚ್ಚಲ ಬಾಗಿಲಿನ ಹೊರಚಿಲಕಕ್ಕೆ ಹಾಕಿದೆ. ಮುಂಬಾಗಿಲು ನಿಮ್ಮದು, ಬಚ್ಚಲು ನನ್ನದು ಎಂದೆ. ಅಲ್ಲಿದ್ದ ವಾಚ್‌ಮನ್ ನಗು ತಡೆಯಲಾರದೆ ಆಚೆ ಹೋದ. ಬಚ್ಚಲಿಗೆ ಬೀಗ ಹಾಕಿದ ಮೇಡಂ ಎಂದು ಆ ಕಟ್ಟಡದಲ್ಲಿ ಇವತ್ತಿಗೂ ನನ್ನ ಹೆಸರು. ನನಗೆ ಅದರಿಂದ ನಾಚಿಕೆಯಿಲ್ಲ, ಇದಕ್ಕಿಂತ ಕೆಟ್ಟ ಹೆಸರುಗಳನ್ನು ಕೇಳಿ ಬೆಳೆದವಳು ನಾನು.

ಸೋಮವಾರ ಮತ್ತೆ ಎಲ್ಲರೂ ಸೇರಿದೆವು. ನನ್ನ ಬೀಗ ಹಾಗೇ ಇತ್ತು. ಒಳಗೆ ನೀರು ಗೆರೆಯಿಂದ ಚೆನ್ನಾಗಿಯೇ ಇಳಿದಿತ್ತು. ಕೆಳಗಿನ ಮನೆಯಲ್ಲಿ ಪೈಪು ಚಾವಣಿ ದಾಟುವ ಜಾಗದ ಸುತ್ತ ಊಟದ ತಟ್ಟೆಯಷ್ಟು ಅಗಲದ ಹಸಿ ಕಲೆ. ಅಂಚಿನಲ್ಲಿ ಹನಿಯೊಂದು ಕೂಡಿ ಬಿದ್ದಿತು.

ಹೊಸ ಕಟ್ಟಡ, ಗಾರೆಯ ಹಸಿ ಇರುತ್ತದೆ ಎಂದ ಕಂಪನಿಯವನು. ಗೆಳತಿ ಶನಿವಾರದ ಫೋಟೊ ತೋರಿಸಿದಳು. ಅವನು ಅದನ್ನು ನೋಡಿ ಇನ್ನೊಂದು ಮಾತು ತಂದ. ಕಾನೂನಿನಲ್ಲಿ ಐದು ವರ್ಷ ದೋಷ ಸರಿಪಡಿಸುವ ಜವಾಬ್ದಾರಿ ನಮ್ಮದೇ ಇದೆ, ಈಗ ಸಹಿ ಹಾಕಿ, ನಾಳೆ ಪೂಜೆ ಮಾಡಿ, ಆಮೇಲೆ ಸರಿಮಾಡಿ ಕೊಡುತ್ತೇವೆ ಎಂದ. ಆ ಐದು ವರ್ಷದ ಮಾತು ಸುಳ್ಳಲ್ಲ, ನಾನೂ ಓದಿಕೊಂಡು ಬಂದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಮಸ್ಕಿಯ ಹೆಣ್ಣುಮಗಳು ಚಾವಣಿ ನೋಡುತ್ತಲೇ ಅಂದರು:

“ನಮ್ದು ಸಹಿ ಆಗಿ ಹೋಗೇತ್ರಿ. ಅಡಿಗಿಮನಿ ನಳ ಒಂದು ರಿಪೇರಿ ಮಾಡ್ರಿ ಅಂತ ಅವತ್ತಿಂದ ಫೋನ್ ಮಾಡಾಕತ್ತೀವಿ. ಸಹಿ ಆಗೂತನ ಇವರು ನಿಮ್ಮನಿಗೆ ಬರ್ತಾರ. ಆದಮ್ಯಾಲ ನೀವು ಇವರ ಆಫೀಸಿಗೆ ಹೋಗ್ತೀರಿ.”

ಅವನ ಮುಖ ಸಣ್ಣದಾಯಿತು. ಅವನೂ ನೌಕರಿ ಮಾಡುವವನು, ತಿಂಗಳ ಕೊನೆಗೆ ಇಷ್ಟು ಮನೆ ಒಪ್ಪಿಸಬೇಕು ಎಂಬ ಒತ್ತಡ ಅವನ ಮೇಲಿತ್ತು ಎಂದು ನನಗೆ ಗೊತ್ತು. ಆದರೆ ಅವನ ತಿಂಗಳನ್ನು ಉಳಿಸಲು ಕೆಳಗಿನವರ ತಲೆಯ ಮೇಲೆ ಜೀವಮಾನವಿಡೀ ನೀರು ಹನಿಸುವ ಮನೆಯೊಡತಿ ನಾನಾಗಲಾರೆ. ಸಹಿ ಹಾಕುವುದಿಲ್ಲ, ನನ್ನ ಸಾಲದ ಕೊನೆಯ ಕಂತು ನಿಮಗೆ ಬಿಡಲು ಬ್ಯಾಂಕಿಗೆ ಒಪ್ಪಿಗೆಯನ್ನೂ ಕೊಡುವುದಿಲ್ಲ, ಬಚ್ಚಲು ಒಡೆದು ಹೊಸದಾಗಿ ವಾಟರ್‌ಪ್ರೂಫ್ ಮಾಡಿ ಕರೆಯಿರಿ ಎಂದು ಹೇಳಿದೆ. ಕೆಳಗಿಳಿಯುವ ಮುಂಚೆ ಮೆಟ್ಟಿಲಲ್ಲೇ ನಿಂತು ಅದನ್ನೇ ಇಮೇಲಿನಲ್ಲಿ ಬರೆದು, ಎರಡೂ ಫೋಟೊ ಸೇರಿಸಿ ಕಳಿಸಿದೆ.

ಅವ್ವನಿಗೆ ಹೇಳುವುದು ಇದಕ್ಕಿಂತ ಕಷ್ಟವಿತ್ತು. ಮಂದಿ ಏನಂದಾರು ಎಂದಳು. ಮನಿ ಸಿಗೂದು ಕಡೀಗೂ ಸುಳ್ಳ ಏನು ಎಂದಳು. ಬಚ್ಚಲು ಸೋರುವುದು, ಕೆಳಗಿನವರು, ಸಹಿ, ಎಲ್ಲ ಬಿಡಿಸಿ ಹೇಳಿದೆ. ಕೊನೆಗೆ ಅವಳು ಕೇಳಿದ್ದು ಒಂದೇ.

“ನೀ ಸಹಿ ಹಾಕಲಿಲ್ಲಂದ್ರ ಅವರೇನು ಹೊಡೀತಾರನು?”

“ಇಲ್ಲಬೇ ಯವ್ವಾ.”

“ಹಂಗಾರ ಹಾಕಬ್ಯಾಡ.”

ಮಂಗಳವಾರ ಬಂದವರು ಬಾಡಿಗೆ ಮನೆಯಲ್ಲೇ ಹೋಳಿಗೆ ಉಂಡರು. ಚಿಗವ್ವ ಎರಡು ಸಲ ಕುಟುಕಿದಳು: ಇಷ್ಟು ಓದಿ ಒಂದು ಮನೆ ತಗೊಳ್ಳಾಕ ಬರವಲ್ದು. ನಾನು ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ.

ಕಂಪನಿಯವರು ಹತ್ತು ಹನ್ನೆರಡು ದಿನ ಫೋನ್ ಎತ್ತಲಿಲ್ಲ. ನಾನೂ ಬಿಡಲಿಲ್ಲ, ಎರಡು ದಿನಕ್ಕೊಮ್ಮೆ ಅದೇ ಇಮೇಲಿನ ಕೆಳಗೆ ಒಂದು ಸಾಲು ಬರೆಯುತ್ತಿದ್ದೆ. ಆಮೇಲೆ ಒಂದು ಬೆಳಿಗ್ಗೆ ಬಚ್ಚಲು ಒಡೆಯುವ ಫೋಟೊ ಬಂತು, ಮುಂದೆ ನೀರು ತಡೆಯುವ ಕಪ್ಪು ಬಳಿದ ನೆಲದ ಫೋಟೊ, ಹೊಸ ಟೈಲ್ಸಿನ ಫೋಟೊ. ಮತ್ತೆ ನೀರು ನಿಲ್ಲಿಸಿದೆವು, ಮತ್ತೆ ನನ್ನದೇ ಬೀಗ. ಈ ಸಲ ಮಸ್ಕಿಯವರ ಚಾವಣಿ ಒಣಗಿಯೇ ಇತ್ತು. ಆ ಹೆಣ್ಣುಮಗಳು ಕುರ್ಚಿ ಹತ್ತಿ ಪೈಪಿನ ಸುತ್ತ ಅಂಗೈ ಒತ್ತಿ ನೋಡಿ ತಲೆಯಾಡಿಸಿದರು. ಆವತ್ತೇ ಅವರ ಅಡುಗೆಮನೆಯ ನಳವನ್ನೂ ಸರಿಮಾಡಿಸಿದೆವು, ಅದಾಗುವ ತನಕ ನಾನು ಪೆನ್ನು ಹೊರಗೆ ತೆಗೆಯಲಿಲ್ಲ.

ಸೈಟ್ ಆಫೀಸಿನಲ್ಲಿ ಅವನು ಅದೇ ಪತ್ರ ಮುಂದಿಟ್ಟ. ‘ಸಂಪೂರ್ಣ ತೃಪ್ತಿಯಿಂದ’ ಎಂಬುದನ್ನು ನಾನು ಗೆರೆ ಎಳೆದು ಹೊಡೆದುಹಾಕಿದೆ. ಪ್ಲಗ್ಗು ಸರಿಯಾಗಿದೆ, ಕಿಟಕಿಯ ಚಿಲಕ, ಟೊಳ್ಳು ಟೈಲ್ಸ್ ಇನ್ನೂ ಬಾಕಿ, ಇಂಥ ದಿನದೊಳಗೆ ಮಾಡಿಕೊಡಬೇಕು ಎಂದು ಕೆಳಗೆ ಬರೆಯತೊಡಗಿದೆ. ಅಲ್ಲಿ ಜಾಗ ಇಲ್ಲ ಮೇಡಂ ಎಂದ. ಹಾಳೆ ತಿರುಗಿಸಿ ಹಿಂದೆ ಬರೆದೆ. ಗೆರೆ ಹೊಡೆದಲ್ಲಿಯೂ ಹಿಂದೆ ಬರೆದಲ್ಲಿಯೂ ಮೊದಲು ಅವನಿಂದ ಸಹಿ ಹಾಕಿಸಿ, ಆಮೇಲೆ ನಾನು ಹಾಕಿದೆ. ಮುಂಬಾಗಿಲ ಬೀಗದ ಕೈಗಳನ್ನು ಅವನು ಮೇಜಿನ ಮೇಲೆ ಎಣಿಸಿಟ್ಟ.

“ಈಗರ ಖುಷಿ ಆತೇನ್ರಿ ಮೇಡಂ?” ಎಂದು ಕೇಳಿದ.

“ಸಹಿ ಮಾಡೀನಲ್ರಿ,” ಎಂದು ಬೀಗದ ಕೈಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ.