ಒಂದೇ ಉಸಿರಿನ ಜಾಹೀರಾತು

ಈರಯ್ಯನಿಗೆ ಮಾತನ್ನು ಅಳೆಯಲು ಇದ್ದದ್ದು ಒಂದೇ ಅಳತೆ, ಉಸಿರು. ತಗಡಿನ ಭೋಂಗಾ ಬಾಯಿಗೆ ಹಿಡಿದು ಒಂದೇ ಉಸಿರಿನಲ್ಲಿ ಕೂಗಲು ಬಾರದ್ದು ಅವನ ಪ್ರಕಾರ ಜಾಹೀರಾತೇ ಅಲ್ಲ. ಸಾವಿರದ ಒಂಬೈನೂರ ನಲವತ್ತರ ದಶಕದಲ್ಲಿ ವಿಜಾಪುರಕ್ಕೆ ಹೊಸ ಸಿನೆಮಾ ಬಂದರೆ, ನಾಟಕ ಕಂಪನಿ ಡೇರೆ ಹಾಕಿದರೆ, ಟಾಂಗಾದಲ್ಲಿ ನಿಂತು ಊರಿಗೆಲ್ಲ ಸಾರುತ್ತಿದ್ದವನು ಅವನೇ. ಬರೆಯುತ್ತಿದ್ದವನೂ ಅವನೇ. ಅವನ ಕರಪತ್ರಗಳಿಗೆ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು ನಾನು. ಮೊಳೆ ಜೋಡಿಸುವ ಮುಂಚೆ ನನ್ನ ಎದುರು ನಿಂತು ಒಮ್ಮೆ ಕೂಗಿ ತೋರಿಸುತ್ತಿದ್ದ. ಉಸಿರು ಎಲ್ಲಿ ಕಡಿಯಿತೋ ಅಲ್ಲಿಂದ ಮುಂದಿನದಕ್ಕೆ ಗೀಟು ಎಳೆದು ಹೊಡೆದುಹಾಕುತ್ತಿದ್ದ. ಸಿನೆಮಾದ ಮಟ್ಟಿಗೆ ಇದರಿಂದ ಯಾರಿಗೂ ಕೇಡಾಗಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ಎರಡನೆಯ ವರ್ಷ ಬಸಗೊಂಡಪ್ಪ ಎಂಬ ಅರಳೆ ವ್ಯಾಪಾರಿ ಗಾಂಧಿ ಚೌಕದ ಹತ್ತಿರ ಲಾಂಡ್ರಿ ತೆರೆದ. ಬರೀ ಲಾಂಡ್ರಿಯಲ್ಲ, ಡ್ರೈ ಕ್ಲೀನಿಂಗ್. ಕೆಲಸ ಬಲ್ಲವನು ಕಾಸಿಮಸಾಬ. ಯುದ್ಧದ ಕಾಲದಲ್ಲಿ ಪುಣೆಯ ದಂಡಿನಲ್ಲಿ ಆಫೀಸರುಗಳ ಉಣ್ಣೆ ಬಟ್ಟೆ ಶುಚಿ ಮಾಡಿ ಬಂದಿದ್ದ. ಕಣ್ಣು ಮುಚ್ಚಿ ಬಟ್ಟೆ ಸವರಿದರೆ ಸಾಕು, ಇದು ಎಣ್ಣೆಯ ಕಲೆ, ಇದು ಬೆಲ್ಲದ್ದು ಎಂದು ಬೆರಳಿನಿಂದಲೇ ಹೇಳುತ್ತಿದ್ದ. ಸಂತೆಯ ದಿನಗಳಲ್ಲಿ ತಿಕೋಟಾ, ಬಬಲೇಶ್ವರಕ್ಕೆ ಬಸ್ಸಿನಲ್ಲಿ ಹೋಗಿ, ಜಾಹೀರಾತು ಕೂಗಿ, ಬಟ್ಟೆ ಗಂಟು ಕಟ್ಟಿ ತರುವ ಕೆಲಸ ಈರಯ್ಯನಿಗೆ ಸಿಕ್ಕಿತು.

ಜಾಹೀರಾತು ಬರೆಯುವ ದಿನ ನಾನೂ ಅಂಗಡಿಯಲ್ಲಿದ್ದೆ. ಕಾಸಿಮಸಾಬ ಒಂದೊಂದೇ ಹೇಳುತ್ತ ಹೋದ.

"ಅಯ್ಯಾರ, ನೂಲಿನ ಬಟ್ಟಿ ಮೂರನೇ ದಿನಕ್ಕ ಕೊಡತೀನಿ. ಉಣ್ಣಿ ಕೋಟಿಗೆ ಎಂಟ ದಿನ ಬೇಕ್ರಿ. ಅದನ್ನ ಪೆಟ್ರೋಲಿನಾಗ ಅದ್ದತೀವಿ, ವಾಸನಿ ಪೂರಾ ಹೋಗೂತನಕಾ ಗಾಳಿಗೆ ಹಾಕಬೇಕು. ಎಣ್ಣಿ ಕಲಿ ಹೋಗತೈತಿ. ಅರಿಷಿಣದ್ದು ಹೋದೀತು ಅಂತ ಮಾತ ಕೊಡಬ್ಯಾಡ್ರಿ. ಪೆಟ್ರೋಲಿಗೆ ಅದು ಜಗ್ಗೂದಿಲ್ಲ, ಸೋಡಾ ಬಿದ್ರ ಕೆಂಪಾಕ್ಕೈತಿ."

ಈರಯ್ಯ ಎಲ್ಲವನ್ನೂ ತನ್ನ ಮಾತಿನಲ್ಲಿ ಬರೆದುಕೊಂಡ, ಉಣ್ಣೆ, ಅರಿಷಿಣಗಳನ್ನು ಕೊನೆಗಿಟ್ಟು. ಎದ್ದು ನಿಂತು ಕೂಗಿದ. ಎಂಟು ದಿನದ ಹತ್ತಿರ ಉಸಿರು ಕಡಿಯಿತು. ಗೀಟು ಎಳೆದ. ಉಳಿದದ್ದು ಇಷ್ಟು:

"ಬಟ್ಟೆ ನಿಮ್ಮದು, ಚಿಂತೆ ನಮ್ಮದು! ಮನೆಬಾಗಿಲಿಗೆ ಬಂದು ಒಯ್ಯುವೆವು, ಮೂರನೆಯ ದಿನ ಮಡಿಸಿ ಕೊಡುವೆವು! ಎಣ್ಣೆಯಿರಲಿ, ಎಲೆಯಡಿಕೆಯಿರಲಿ, ಎಂಥ ಕಲೆಯೂ ಉಳಿಯದು!"

"ಉಣ್ಣಿ ಮಾತು ಎಲ್ಲಿ ಹೋತ್ರಿ?" ಎಂದ ಕಾಸಿಮಸಾಬ.

"ಸಂತ್ಯಾಗ ಮಂದಿ ನಿಂತು ಪುರಾಣ ಕೇಳ್ತಾರೇನೋ? ಅಂಗಡಿಗೆ ಬಂದಾಗ ನೀ ಹೇಳು," ಎಂದ ಈರಯ್ಯ. ಬಸಗೊಂಡಪ್ಪ ತೊಡೆ ತಟ್ಟಿ ಭೇಷ್ ಎಂದ. ನಾನು ಮೊಳೆ ಜೋಡಿಸಿದೆ. ನನಗೂ ಅದು ಚೆಂದವಾಗಿಯೇ ಕಂಡಿತ್ತು, ಸುಳ್ಳೇಕೆ ಹೇಳಲಿ? ಆದರೆ ಬಬಲೇಶ್ವರದವರು ಅಂಗಡಿಗೆ ಬರುವವರೇ ಅಲ್ಲ, ಬಟ್ಟೆ ಕೊಡುವುದು ಈರಯ್ಯನ ಕೈಗೆ ಎಂಬುದು ನಮ್ಮ ನಾಲ್ವರಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ. ಹೊಳೆಯದಷ್ಟು ಜಾಣರು ನಾವು.

ಎರಡನೆಯ ಸಂತೆಗೇ ಬಬಲೇಶ್ವರದ ಗುರಲಿಂಗಪ್ಪ ತನ್ನ ಕರಿ ಉಣ್ಣೆ ಕೋಟು ತಂದುಕೊಟ್ಟ. ಹೆಗಲಿನಿಂದ ಎದೆಯವರೆಗೆ ಕುಸುಬಿ ಎಣ್ಣೆ ಚೆಲ್ಲಿತ್ತು. ನಾಲ್ಕನೆಯ ದಿನ ಮಗಳ ಮದುವೆ. ಬೀಗರ ಮುಂದೆ ನಿಲ್ಲಲು ಇದ್ದದ್ದು ಅದೊಂದೇ ಕೋಟು.

"ಮೂರನೇ ದಿನಕ್ಕ ಖರೇನ ಕೊಡ್ತೀರೇನ್ರಿ ಅಯ್ಯಾರ?"

"ನನ್ನ ಮಾತು ಸುಳ್ಳಾದದ್ದು ಇವತ್ತಿನತನಕಾ ಇಲ್ಲ," ಎಂದನಂತೆ ಈರಯ್ಯ. ಅದು ಅವನ ಹೆಮ್ಮೆ. ಆಡಿದ ಮಾತು ತಪ್ಪಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಉಣ್ಣೆಗೆ ಎಂಟು ದಿನ ಎಂಬುದು ಗೀಟು ಎಳೆದಾಗಲೇ ಅವನ ತಲೆಯಿಂದಲೂ ಅಳಿಸಿಹೋಗಿತ್ತು.

ಮೂರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಗುರಲಿಂಗಪ್ಪ ಬಂದು ಅಂಗಡಿಯಲ್ಲಿ ಕೂತ. ಎಣ್ಣೆಯ ಕಲೆ ಹೋಗಿತ್ತು. ಕೋಟು ಮಾತ್ರ ಹಿತ್ತಲಿನ ಹಗ್ಗದ ಮೇಲೆ ಇನ್ನೂ ಪೆಟ್ರೋಲು ನಾರುತ್ತಿತ್ತು. ನಾನು ಹೊಸ ಕರಪತ್ರ ಕೊಡಲು ಹೋದವನು ಜಗಳ ಕೇಳಿ ನಿಂತೆ.

"ಇಸ್ತ್ರಿ ಮಾಡಾಂಗಿಲ್ರಿ. ಹೆಗಲಿನೊಳಗ ಹತ್ತಿ ತುಂಬ್ಯಾರ, ಅದು ಇನ್ನೂ ಹಸಿ ಐತಿ," ಎಂದು ಕಾಸಿಮಸಾಬ ಕೈಕಟ್ಟಿ ನಿಂತಿದ್ದ.

"ನಾಳೆ ಮಗಳಿಗೆ ಅಕ್ಕಿಕಾಳು ಬೀಳತಾವ್ರಿ," ಎಂದ ಗುರಲಿಂಗಪ್ಪ. "ಸಂತ್ಯಾಗ ಎಲ್ಲಾರ ಮುಂದ ಕೂಗಿ ಹೇಳೀರಿ. ಕೂಗಿದ ಮಾತಿಗೆ ಕಿಮ್ಮತ್ತಿಲ್ಲೇನು?"

ಈರಯ್ಯನ ಮುಖ ಕಪ್ಪಿಟ್ಟಿತು. ಹೋಗಿ ಕೋಟಿಗೆ ಮೂಗು ಹಚ್ಚಿದ. "ಭಾಳ ಏನಿಲ್ಲ. ನೀ ಒಲ್ಲೆಂದ್ರ ಬಿಡು, ನಾ ಮಾಡ್ತೀನಿ," ಎಂದು ಕೋಟನ್ನು ಮೇಜಿನ ಮೇಲೆ ಹಾಸಿದ. ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡ. "ಅಯ್ಯಾರ, ಬ್ಯಾಡ!" ಎಂದು ಕಾಸಿಮಸಾಬ ಕೂಗಿದ್ದು ಕೇಳಿತು. ಇಸ್ತ್ರಿ ಹೆಗಲಿಗೆ ತಗಲಿತೋ ಇಲ್ಲವೋ ನಾನು ಕಾಣೆ. ಭಗ್ಗೆಂದು ಬೆಂಕಿ ಎದ್ದಿತು. ಅಂಥ ಬೆಂಕಿಯನ್ನು ನಾನು ಕಂಡಿರಲಿಲ್ಲ. ಸೌದೆಯ ಬೆಂಕಿ ಹತ್ತಲು ಹೊತ್ತು ಬೇಕು, ಇದಕ್ಕೆ ಏನೂ ಬೇಕಾಗಲಿಲ್ಲ. ಈರಯ್ಯ ಇಸ್ತ್ರಿ ಹಿಡಿದೇ ಕಲ್ಲಿನಂತೆ ನಿಂತಿದ್ದ, ಧೋತರದ ಅಂಚು ಹತ್ತಿಕೊಂಡಿತ್ತು. ಕಾಸಿಮಸಾಬ ಅವನನ್ನು ಹಿಂದಕ್ಕೆ ದೂಡಿ, ಧೋತರದ ಉರಿಯನ್ನು ಬರಿಗೈಯಿಂದ ಬಡಿದು, ಉರಿಯುವ ಕೋಟನ್ನು ಎರಡೂ ಕೈಯಲ್ಲಿ ಬಾಚಿ ಅಂಗಳಕ್ಕೆ ಒಗೆದ. ಪೆಟ್ರೋಲಿನ ಡಬ್ಬಿ ಇದ್ದದ್ದು ಆ ಮೇಜಿನಿಂದ ನಾಲ್ಕೇ ಮಾರು. ಅದಕ್ಕಾಗಿಯೇ ಕೋಟನ್ನು ಹೊರಗೆ ಒಗೆದದ್ದು ಎಂದು ನನಗೆ ಆಮೇಲೆ ತಿಳಿಯಿತು.

ಗದ್ದಲ ಕೇಳಿ ಓಡಿಬಂದ ಬಸಗೊಂಡಪ್ಪ ತನ್ನ ಮೈಮೇಲಿನ ಕೋಟು ಕಳಚಿ ಗುರಲಿಂಗಪ್ಪನ ಕೈಗಿಟ್ಟ. ಅದನ್ನು ತೊಟ್ಟೇ ಅವನು ಮಗಳ ಮದುವೆ ಮಾಡಿದ. ಕಾಸಿಮಸಾಬನ ಅಂಗೈಗಳ ಚರ್ಮ ಸುಲಿದುಹೋಗಿತ್ತು. ಪ್ರಾಣಕ್ಕೆ ಭಯವಿಲ್ಲ, ಆದರೆ ಬೆರಳಿಗೆ ಮೊದಲಿನ ಸ್ಪರ್ಶ ಬರಲಾರದು ಎಂದರು ದವಾಖಾನೆಯ ಡಾಕ್ಟರು.

ಈರಯ್ಯ ಹನ್ನೆರಡು ದಿನ ಭೋಂಗಾ ಮುಟ್ಟಲಿಲ್ಲ. ಹದಿಮೂರನೆಯ ದಿನ ಒಂದು ಕಾಗದ ಹಿಡಿದು ನನ್ನ ಹತ್ತಿರ ಬಂದ. ಹೊಸ ಜಾಹೀರಾತು. ಉಣ್ಣೆಗೆ ಎಂಟು ದಿನ ಎಂದು ಬರೆದಿದ್ದ. ಅರಿಷಿಣದ ಕಲೆಗೆ ಮಾತು ಕೊಡುವುದಿಲ್ಲ ಎಂದೂ ಬರೆದಿದ್ದ. ಬಸಗೊಂಡಪ್ಪ ಆಗಲೇ ಒಪ್ಪಿದ್ದನಂತೆ. "ಕಾಸಿಮಸಾಬಗ ಓದಿ ಹೇಳಿದ ಮ್ಯಾಲೆ ಮೊಳಿ ಜೋಡಸು. ಅವನ ಮನಿಗೆ ನೀನೂ ಬಾ, ನನಗೊಬ್ಬನಿಗೆ ಹೋಗಾಕ ಧೈರ್ಯ ಇಲ್ಲ," ಎಂದ.

ಬಾಗಿಲು ತೆಗೆದವಳು ಕಾಸಿಮಸಾಬನ ಹೆಂಡತಿ ಬಾನುಬಿ. ಬೈಯುತ್ತಾಳೆ ಎಂದುಕೊಂಡಿದ್ದೆವು. ಬೈದಿದ್ದರೆ ಎಷ್ಟೋ ಮೇಲಿತ್ತು. ಚಾಪೆ ಹಾಸಿದಳು, ನೀರು ಕೊಟ್ಟಳು, ಗಂಡನ ಬಾಯಿಗೆ ಗಂಜಿ ಹಾಕುತ್ತ ಮೆಲ್ಲಗೆ ಹೇಳಿದಳು:

"ಅವತ್ತ ಮುಂಜಾನಿ ಇವರು ಕೆಲಸಕ್ಕ ಹೋಗಾಕ ಒಲ್ಲೆ ಅಂದಿದ್ರು ಅಯ್ಯಾರ. ಕೋಟು ಒಣಗಿಲ್ಲ, ಒತ್ತಾಯ ಮಾಡ್ತಾರ, ಇವತ್ತ ನಾ ಹೋಗಾಂಗಿಲ್ಲ ಅಂದ್ರು. ನಾನ ಜಬರಿಸಿ ಕಳಿಸಿದೆ. ಊರಿಗೆಲ್ಲ ಮೂರ ದಿನ ಅಂತ ಅಯ್ಯಾರು ಕೂಗ್ಯಾರ, ಅಷ್ಟ ದೊಡ್ಡ ಮನಷ್ಯಾ ಸುಳ್ಳ ಹೇಳ್ತಾರೇನು, ನೀವ ಸೋಮಾರಿ ಅದೀರಿ ಅಂದೆ. ಗಂಡನ ಮಾತು ಬಿಟ್ಟು ನಿಮ್ಮ ಮಾತು ನಂಬಿದೆರಿ."

ಈರಯ್ಯ ತಂದ ಕಾಗದವನ್ನು ಚಾಪೆಯ ಮೇಲೆ ಬಿಡಿಸಿಟ್ಟ. ನಾನು ನನ್ನ ಕೈ ನೋಡಿಕೊಂಡೆ. ಆ ಮಾತಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದ ಬೆರಳು ನನ್ನವೇ, ಅವು ಸುಖವಾಗಿ ನನ್ನ ಮಡಿಲಲ್ಲಿದ್ದವು.

"ಓದ್ರಿ," ಎಂದ ಕಾಸಿಮಸಾಬ.

ಈರಯ್ಯ ಓದತೊಡಗಿದ. ಮೊದಲ ಸಾಲಿಗೇ ಉಸಿರು ಕಡಿಯಿತು, ಈ ಸಲ ಗೀಟು ಎಳೆಯಲಿಲ್ಲ. ಕಾಸಿಮಸಾಬ ಬಟ್ಟೆ ಸುತ್ತಿದ ಕೈಗಳನ್ನು ಎದೆಯ ಮೇಲಿಟ್ಟುಕೊಂಡು, ಅವನು ಸುಧಾರಿಸಿಕೊಳ್ಳುವವರೆಗೂ ಕಾದ.