ಬಸ್ಸು ಕಾದ ಚೀಟಿಗಳು

ಆಗ ನನಗೆ ಅರವತ್ತೇಳು. ಅದಾಗಿ ಐದು ವರ್ಷ ಆಯಿತು. ಮಗಳಿಗೆ ನಲವತ್ತೊಂದು. ಗುಂಡ್ಲುಪೇಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದಳು. ಖಾಯಂ ಅಲ್ಲ, ಅತಿಥಿ ಉಪನ್ಯಾಸಕಿ. ವರ್ಷಕ್ಕೊಂದು ಸಲ ಬೇಕು ಅಂದರೆ ಕರೆಯುತ್ತಾರೆ, ಬೇಡ ಅಂದರೆ ಇಲ್ಲ. ನಮ್ಮ ಬಾಡಿಗೆ ಮನೆ ಇದ್ದದ್ದು ಚಾಮರಾಜನಗರದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮದುವೆ ಬೇಡ ಅಂದಿದ್ದಳು, ನಾನೂ ಬಲವಂತ ಮಾಡಲಿಲ್ಲ. ಇಬ್ಬರೇ ಇದ್ದೆವು, ಚೆನ್ನಾಗಿಯೇ ಇದ್ದೆವು.

ಆ ವರ್ಷ ಅವಳಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಮೈಸೂರಿನ ಡಾಕ್ಟರು ಒಳ್ಳೆಯವರು, ಬೈಯಲಿಲ್ಲ, ಮುಚ್ಚಿಡಲೂ ಇಲ್ಲ. ನಾನೇ ಕೇಳಿದೆ, ಎಷ್ಟು ದಿನ ಇರ್ತಾಳೆ ಅಂತ. ಈ ಹಂತದಲ್ಲಿ ಬಂದವರು ಸರಾಸರಿ ಒಂದೂವರೆ ವರ್ಷ ಇರ್ತಾರೆ ತಾಯಿ ಅಂದರು. ಮಗಳು ಏನೂ ಕೇಳಲಿಲ್ಲ. ಗೋಡೆ ನೋಡುತ್ತಾ ಕೂತಿದ್ದಳು.

ನಾನು ಆ ಒಂದೂವರೆ ವರ್ಷವನ್ನು ಭದ್ರವಾಗಿ ಹಿಡಿದುಕೊಂಡೆ. ಸಂಬಳದ ಹಾಗೆ ಅದು ಬಂದೇ ಬರುತ್ತದೆ ಅಂದುಕೊಂಡೆ. ಮನೆಗೆ ಬಂದವಳೇ ಲೆಕ್ಕ ಹಾಕಿದೆ. ಮೊದಲ ಆರು ತಿಂಗಳು ಮಲಗಲಿ, ಔಷಧಿ ತಗೊಳ್ಳಲಿ, ತಿನ್ನಲಿ. ಆಮೇಲೆ ಒಂದು ವರ್ಷ ಉಳಿಯುತ್ತದೆ, ಬೇಕಾದರೆ ಪಾಠ ಮಾಡಲಿ. ಅವಳು ಕೇಳಲಿಲ್ಲ. ಔಷಧಿ ಹಾಕಿಸಿಕೊಂಡು ಬಂದು ಎರಡು ದಿನ ವಾಂತಿ ಮಾಡುವಳು, ಮೂರನೇ ದಿನ ಸೀರೆ ಉಟ್ಟು ನಿಲ್ಲುವಳು. ದಿನಾ ಜಗಳ.

"ನಿಂಗೇನು ಬುದ್ಧಿ ಅದೆಯೋ ಇಲ್ವೋ? ಮಲ್ಕೊಂಡ್ರೆ ಪ್ರಾಣ ಓಯ್ತದಾ?"

"ಅವ್ವ, ಸೆಮಿಸ್ಟರ್ ಮುಗೀಲಿ ಬುಡವ್ವ. ಮುಖ್ಯವಾದ ಪಾಠ ಇನ್ನೂ ಅದೆ. ಬೇರೆಯವರು ಬಂದ್ರೆ ಸೂತ್ರ ಬರೆಸಿ ಓಯ್ತಾರೆ, ಮಕ್ಕಳು ಬಾಯಿಪಾಠ ಮಾಡ್ತಾವೆ."

"ಬಾಯಿಪಾಠ ಮಾಡಿದ್ರೆ ಏನಾಯ್ತದೆ?"

"ಪಾಸಾಯ್ತಾರೆ. ಅಷ್ಟೇ ಆಗೋದು."

ಕೊನೆಗೆ ಒಪ್ಪಂದ ಆಯಿತು. ಆ ಪಾಠ ಒಂದು ಮಾಡುವುದು, ನಾನೂ ಜೊತೆಗೆ ಬರುವುದು, ಮಾರನೇ ದಿನದಿಂದ ಮನೆ. ಅವಳು ಹೂಂ ಅಂದಳು. ಕಾಲೇಜಿನವರೂ ಒಪ್ಪಿದರು.

ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ. ಬೇಗೂರು, ತೆರಕಣಾಂಬಿ ಕಡೆಯ ಮಕ್ಕಳೇ ಜಾಸ್ತಿ, ಮೊದಲ ವರ್ಷದವರು. ನನ್ನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಒಬ್ಬ ಹುಡುಗ, "ಅಜ್ಜಿ ಹೊಸ ಅಡ್ಮಿಷನ್ನಾ?" ಅಂದ. "ಹೂಂ ಕಣ್ಲಾ, ನಿನ್ನ ಪಕ್ಕ ಕೂತು ಕಾಪಿ ಹೊಡೀತೀನಿ" ಅಂದೆ. "ಅವನ ಪಕ್ಕ ಕೂತ್ರೆ ಫೇಲಾಯ್ತೀಯಾ ಅಜ್ಜಿ" ಅಂದಳು ಹಿಂದಿದ್ದ ಒಂದು ಹುಡುಗಿ.

ಮಕ್ಕಳು ಒಂದು ವಾರ ಬಸ್ಸಿಗೆ ಎಷ್ಟೆಷ್ಟು ನಿಮಿಷ ಕಾದರು ಅಂತ ಬರೆದು ತಂದಿದ್ದರು. ಅದನ್ನು ಅರವತ್ತು ಚೀಟಿ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದ್ದಳು. ಮೊದಲು ಪರದೆ ಮೇಲೆ ಅವುಗಳ ಚಿತ್ರ ತೋರಿಸಿದಳು. ಎಡಗಡೆ ಎತ್ತರಕ್ಕೆ ಗುಡ್ಡೆ, ಬಲಗಡೆಗೆ ತೆಳ್ಳಗೆ ಉದ್ದ ಬಾಲ. ಜಾಸ್ತಿ ಜನ ಐದು, ಎಂಟು ನಿಮಿಷ ಕಾದವರು. ಬಸ್ಸು ಕೆಟ್ಟ ದಿನ, ಬರದೇ ಹೋದ ದಿನ ಎಪ್ಪತ್ತು, ತೊಂಬತ್ತೈದು ನಿಮಿಷ ಕಾದವರು ಒಬ್ಬಿಬ್ಬರು. ಅರವತ್ತೂ ಚೀಟಿಯ ಸರಾಸರಿ ಹನ್ನೊಂದು. ಬೋರ್ಡಿನ ಮೇಲೆ ಹನ್ನೊಂದು ಅಂತ ದಪ್ಪಕ್ಕೆ ಬರೆದಳು. ಅಷ್ಟು ಬರೆಯುವುದಕ್ಕೇ ಅವಳಿಗೆ ಏದುಸಿರು ಬಂತು, ಕುರ್ಚಿ ಹಿಡಿದು ಕೂತಳು.

"ಒಬ್ಬೊಬ್ಬರೂ ಐದು ಸಲ ಎತ್ಬೇಕು. ಒಂದು ಎತ್ತಿ, ಬರ್ಕೊಳಿ, ಮತ್ತೆ ಒಳಕ್ಕೆ ಹಾಕಿ, ಅಲ್ಲಾಡ್ಸಿ, ಇನ್ನೊಂದು ಎತ್ತಿ. ಐದರ ಸರಾಸರಿ ತೆಗೀರಿ. ನಂಗೆ ನಿಮ್ಮೊಬ್ಬೊಬ್ಬರ ಚೀಟಿ ಬೇಡ, ಸರಾಸರಿ ಬೇಕು."

ಡಬ್ಬಿ ಹಿಡಿದು ತಿರುಗಾಡುವ ಶಕ್ತಿ ಅವಳಿಗೆ ಇರಲಿಲ್ಲ. ನಾನು ಎದ್ದು ಇಸಿದುಕೊಂಡೆ. ಬೆಂಚಿಂದ ಬೆಂಚಿಗೆ ಹೋದೆ. ಮಕ್ಕಳು ಎತ್ತುವುದು, ಬರೆದುಕೊಳ್ಳುವುದು, ಚೀಟಿ ನನ್ನ ಕೈಗೆ ಕೊಡುವುದು. ನಾನು ಅದನ್ನು ಸೆರಗಿಗೆ ಹಾಕಿಕೊಂಡು ಡಬ್ಬಿ ಅಲ್ಲಾಡಿಸಿ ಮತ್ತೆ ಮುಂದೆ ಹಿಡಿಯುವುದು. ನಮ್ಮ ಬೀದಿ ಹೆಂಗಸರು ತಿಂಗಳಿಗೊಂದು ಸಲ ಎತ್ತುವ ದುಡ್ಡಿನ ಚೀಟಿಯಲ್ಲಿ ಹಂಗೇ. ಒಂದು ಸಲ ಎದ್ದ ಹೆಸರು ಮತ್ತೆ ಡಬ್ಬಿಗೆ ಬೀಳುವುದಿಲ್ಲ. ಬಿದ್ದರೆ ಜುಟ್ಟು ಜುಟ್ಟು ಹಿಡಿಯುತ್ತಾರೆ. ಮಗಳು ಹೇಳಿದ್ದು ಕಿವಿಗೆ ಬಿದ್ದಿತ್ತು, ಆದರೆ ಕೈಗೆ ಹಳೇ ಅಭ್ಯಾಸ.

ಮೊದಲ ಹುಡುಗಿಗೆ ತೊಂಬತ್ತೈದರ ಚೀಟಿ ಬಂತು. ಉಳಿದ ನಾಲ್ಕು ಸಣ್ಣವು. ಸರಾಸರಿ ಇಪ್ಪತ್ತಮೂರು. ಎರಡನೆಯವನಿಗೆ ಎಪ್ಪತ್ತು ಬಂತು, ಸರಾಸರಿ ಹತ್ತೊಂಬತ್ತು. ಆಮೇಲೆ ಒಂಬತ್ತು, ಎಂಟು, ಹತ್ತು, ಏಳು. ಮಕ್ಕಳು ಬೋರ್ಡಿಗೆ ಬರೆದ ಸರಾಸರಿಗಳನ್ನು ಮಗಳು ಕುರ್ಚಿಯಿಂದಲೇ ನೋಡಿ ಹುಬ್ಬು ಗಂಟಿಕ್ಕಿದಳು.

"ಏನ್ರೋ ಇದು, ಇಳೀತಾನೇ ಅದೆ?"

"ಮ್ಯಾಮ್, ಡಬ್ಬಿ ಅರ್ಧ ಖಾಲಿ" ಅಂದ ಒಬ್ಬ.

"ಅವ್ವ, ಎತ್ತಿದ ಚೀಟಿ ಎಲ್ಲವ್ವ?"

"ಎಲ್ಲೋದಾವು, ಸೆರಗಲ್ಲವೆ."

ಇಡೀ ಲ್ಯಾಬು ನಕ್ಕಿತು. ಅವಳೂ ನಕ್ಕಳು, ಹೊಟ್ಟೆ ಹಿಡಿದುಕೊಂಡು. ನಗುವಾಗ ನೋಯುತ್ತಿತ್ತು ಅಂತ ನನಗೆ ಕಾಣುತ್ತಿತ್ತು. "ಪಾಪ ಅಜ್ಜಿ ಚೀಟಿ ವಸೂಲಿಗೆ ಬಂದವ್ರೆ" ಅಂದ ಆ ಮೊದಲಿನ ಹುಡುಗ.

"ನಗಬ್ಯಾಡ್ರಿ, ಇದನ್ನೇ ಕಲೀರಿ" ಅಂದಳು. "ದೊಡ್ಡ ಚೀಟಿ ಎರಡೂ ಮೊದಲೇ ಎದ್ದು ಸೆರಗು ಸೇರಿದ್ವು. ಹಿಂದಿನವರಿಗೆ ಅವು ಬರೋಕೇ ಆಗಲಿಲ್ಲ. ಎತ್ತಿದ್ದನ್ನ ಒಳಕ್ಕೆ ಹಾಕಿದ್ರೆ ತಾನೇ ಪ್ರತಿ ಸಲವೂ ಅದೇ ಡಬ್ಬಿ. ಅವ್ವ, ಎಲ್ಲಾ ಒಳಕ್ಕೆ ಹಾಕು."

ಮೇಜಿನ ಮೇಲೆ ಸೆರಗು ಬಿಚ್ಚಿ ಸುರಿದೆ. ಕೆಲವು ಮಡಿಕೆ ಬಿಚ್ಚಿದ್ದವು. ಒಂದೊಂದಾಗಿ ಮಡಚಿ ಹಾಕುವಾಗ ಅಂಕಿ ಓದಿದೆ. ಅಂಕಿ ನನಗೆ ಬರುತ್ತದೆ. ನಾಲ್ಕು, ಆರು, ಮೂರು, ಒಂಬತ್ತು, ಎರಡು, ಏಳು. ಬೋರ್ಡು ನೋಡಿದೆ, ಹನ್ನೊಂದು. ಮತ್ತೆ ಚೀಟಿ ನೋಡಿದೆ, ಐದು, ಎಂಟು, ಹತ್ತು. ಹನ್ನೊಂದು ಮುಟ್ಟಿದವು ಅಲ್ಲೊಂದು ಇಲ್ಲೊಂದು. ಸರಾಸರಿ ಅಂದರೆ ಸುಮಾರಾಗಿ ಎಲ್ಲರದ್ದೂ ಅಷ್ಟೇ ಅಂತ ನಾನು ತಿಳಿದಿದ್ದೆ. ಇಲ್ಲಿ ಮುಕ್ಕಾಲು ಪಾಲು ಚೀಟಿ ಅದನ್ನು ಮುಟ್ಟಿರಲೇ ಇಲ್ಲ. ಎಲ್ಲೋ ಒಂದು ತೊಂಬತ್ತೈದು, ಒಂದು ಎಪ್ಪತ್ತು ಕೂತು ಸರಾಸರಿಯನ್ನು ಮೇಲಕ್ಕೆ ಎಳೆದಿದ್ದವು.

ನನ್ನ ಕೈ ನಿಂತುಹೋಯಿತು. ಎದುರು ಕುರ್ಚಿಯಲ್ಲಿ ಕೂತಿದ್ದವಳ ಕತ್ತಿನ ಮೂಳೆ ನೋಡಿದೆ.

ಆಮೇಲೆ ಅವಳು ಕಂಪ್ಯೂಟರಿಗೆ ಹಾಕಿದಳು. ಅದೂ ನಮ್ಮಂತೆಯೇ ಎತ್ತಿ, ಬರೆದು, ವಾಪಸ್ ಹಾಕುತ್ತದಂತೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಸಾವಿರ ಸಲ. ಎರಡೆರಡು ಚೀಟಿಯ ಸರಾಸರಿ ಹಾಕಿದಾಗ ಚಿತ್ರ ಇನ್ನೂ ಎಡಕ್ಕೇ ಗುಡ್ಡೆ, ಬಲಕ್ಕೆ ಬಾಲ. ಐದೈದರದ್ದು ಹಾಕಿದಾಗ ಬಾಲ ಮೋಟಾಯಿತು. ಮೂವತ್ತು ಮೂವತ್ತರದ್ದು ಹಾಕಿದಾಗ ಗುಡ್ಡೆ ನಡುವಿಗೆ ಬಂತು, ಎರಡೂ ಕಡೆ ಇಳಿಜಾರು, ಗುಡಿಯ ಗಂಟೆ ಬೋರಲು ಇಟ್ಟ ಹಾಗೆ. ಬಲಕ್ಕೆ ಚೂರು ವಾಲಿತ್ತು, ಅಷ್ಟೇ. ನಡು ಸರಿಯಾಗಿ ಹನ್ನೊಂದರ ಮೇಲೆ. ಹರವೂ ಕಿರಿದಾಗಿತ್ತು. ಚೀಟಿ ನಾಲ್ಕರಷ್ಟು ಮಾಡಿದರೆ ಹರವು ಅರ್ಧ ಆಗುತ್ತದೆ ಅಂತ ಹೇಳಿ, ನೂರಿಪ್ಪತ್ತರದ್ದು ಹಾಕಿ ತೋರಿಸಿದಳು. ಮಕ್ಕಳು ಓ ಅಂದವು.

ನನ್ನನ್ನು ಕಿಚಾಯಿಸಿದ್ದ ಹುಡುಗಿ ಎದ್ದು ನಿಂತಳು. "ಮ್ಯಾಮ್, ಹಂಗಾದ್ರೆ ಅರವತ್ತು ಚೀಟಿ ಬದಲು ಅರವತ್ತು ಸಾವಿರ ಚೀಟಿ ತಂದ್ರೆ ಮೊದಲನೇ ಚಿತ್ರಾನೂ ಗಂಟೆ ಆಯ್ತದಾ?"

"ಇದನ್ನ ಯಾರಾದ್ರೂ ಕೇಳ್ತೀರೇನೋ ಅಂತ ಕಾಯ್ತಾ ಇದ್ದೆ ಕಣಮ್ಮಿ" ಅಂದಳು ಮಗಳು. ಮುಖದಲ್ಲಿ ಬಣ್ಣ ಬಂದಿತ್ತು. "ಆಗಲ್ಲ. ಎಷ್ಟು ತಂದ್ರೂ ಚೀಟಿಗಳ ಚಿತ್ರ ಅದೇ ಗುಡ್ಡೆ, ಅದೇ ಬಾಲ. ಬಸ್ಸು ಕಾಯೋರ ಹಣೆಬರಹ ಬದಲಾಗಲ್ಲ. ಗಂಟೆ ಆಗೋದು ಸರಾಸರಿಗಳು ಮಾತ್ರ. ಒಂದೊಂದು ಸರಾಸರಿಯೊಳಗೂ ಸಣ್ಣದು, ದೊಡ್ಡದು ಬೆರೆತು ಒಂದನ್ನೊಂದು ಸರಿದೂಗಿಸ್ಕೊತವೆ. ಒಂಟಿ ಚೀಟಿಗೆ ಸರಿದೂಗ್ಸೋಕೆ ಯಾರೂ ಇಲ್ಲ."

ಬೆಲ್ಲು ಹೊಡೆಯಿತು. ಮಕ್ಕಳು ಬಿಟ್ಟು ಏಳಲಿಲ್ಲ. ಇನ್ನೊಂದು ಸಲ ಹಾಕಿ ಮ್ಯಾಮ್, ಹತ್ತರದ್ದು ಹಾಕಿ ಅಂತ ಮೇಲೆ ಬಿದ್ದು ಕೇಳಿದವು. ಹಾಕಿದಳು. ನಾಳೆ ಅಂಗಡಿ ಲೆಕ್ಕ ತರುತ್ತೀವಿ, ಮಳೆ ಲೆಕ್ಕ ತರುತ್ತೀವಿ ಅಂದವು. ಅವಳು ನನ್ನ ಕಡೆ ನೋಡಿದಳು.

ಸಾಯಂಕಾಲದ ಬಸ್ಸಿನಲ್ಲಿ ಸೀಟು ಸಿಕ್ಕಿತು. ತೆರಕಣಾಂಬಿ ದಾಟಿದೆವು. ಆಮೇಲೆ ಕೇಳಿದೆ.

"ಡಾಕ್ಟ್ರು ಏಳಿದ್ರಲ್ಲ ಒಂದೂವರೆ ವರ್ಷ. ಅದು ಸರಾಸರಿ ತಾನೆ?"

"ಹೂಂ."

"ಆ ಡಬ್ಬೀಲೂ ಸಣ್ಣ ಚೀಟಿಗಳೇ ಜಾಸ್ತಿಯಾ?"

ಅವಳು ತಟ್ಟನೆ ನನ್ನ ಮುಖ ನೋಡಿದಳು. ಸುಳ್ಳು ಹೇಳಬಹುದಿತ್ತು. ಅವಳಿಗೆ ಸುಳ್ಳು ಬರುತ್ತಿರಲಿಲ್ಲ.

"ಹೂಂ ಕಣವ್ವ. ಕೆಲವರು ತುಂಬ ವರ್ಷ ಇರ್ತಾರೆ. ಅವರಿಂದ ಸರಾಸರಿ ಮೇಲಕ್ಕೆ ಓಯ್ತದೆ. ಜಾಸ್ತಿ ಜನ ಅಷ್ಟು ಇರಲ್ಲ."

"ನಿಂಗೆ ಆವತ್ತೇ ಗೊತ್ತಿತ್ತಾ?"

"ಅದೇ ತಾನೆ ನಾನು ಪಾಠ ಮಾಡೋದು."

"ನೀನು ಯಾವ ಕಡೆಗೆ ಬತ್ತೀಯಾ?"

"ಗೊತ್ತಿಲ್ಲವ್ವ. ಡಾಕ್ಟರಿಗೆ ಸಾವಿರ ಜನ ಬತ್ತಾರೆ, ಅವರಿಗೆ ಸರಾಸರಿ ಇಟ್ಕೊಂಡು ಲೆಕ್ಕ ಮಾಡಬಹುದು. ನಾನು ಒಂದು ಚೀಟಿ."

ನನಗೆ ಅಳು ಬರಲಿಲ್ಲ. ಆರು ತಿಂಗಳು ಮಲಗಿಸಿ, ಆಮೇಲೆ ಒಂದು ವರ್ಷ ಪಾಠ ಮಾಡಿಸುತ್ತೇನೆ ಅಂತ ಕೂತಿದ್ದೆನಲ್ಲ, ಆ ಆಮೇಲೆ ಅನ್ನುವುದನ್ನು ನನಗೆ ಯಾರೂ ಕೊಟ್ಟೇ ಇರಲಿಲ್ಲ. ಅವಳು ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದಳು. ತಲೆಯಲ್ಲಿ ಕೂದಲಿರಲಿಲ್ಲ, ಸ್ಕಾರ್ಫು ಜಾರುತ್ತಿತ್ತು, ಊರು ಬರುವವರೆಗೆ ಹಿಡಿದುಕೊಂಡೆ.

ಅವಳದ್ದು ಸಣ್ಣ ಚೀಟಿ. ಕಾಯಿಲೆ ಗೊತ್ತಾಗಿ ಐದು ತಿಂಗಳಿಗೆ ಹೋದಳು. ಸೆಮಿಸ್ಟರ್ ಮುಗಿಸಿ ಹೋದಳು. ಆ ಮಕ್ಕಳು ಮಣ್ಣಿಗೆ ಬಂದಿದ್ದವು. ಒಬ್ಬಳು ನನ್ನ ಕೈ ಹಿಡಿದುಕೊಂಡು, ಮ್ಯಾಮ್ ಹೇಳಿಕೊಟ್ಟದ್ದು ಪರೀಕ್ಷೆಯಲ್ಲಿ ಬಂದಿತ್ತು ಅಜ್ಜಿ, ಬಾಯಿಪಾಠ ಮಾಡದೆ ಬರೆದೆ ಅಂದಳು. ಒಳ್ಳೇದಾಯಿತು ಬುಡು ಅಂದೆ.

ಬಸ್ಸಿಳಿದ ಆ ಸಂಜೆ ಅವಳು ಗಂಜಿ ಕುಡಿದು ಮಲಗುವಾಗ, "ನಾಳೆಯಿಂದ ಮನೇಲೇ ಇರ್ತೀನಿ ಕಣವ್ವ, ಮಾತು ಕೊಟ್ಟಿದ್ದೀನಲ್ಲ" ಅಂದಳು. ನಾನು ಲೈಟು ಆರಿಸಿದೆ.

ಮಾರನೇ ಬೆಳಗ್ಗೆ ಬೇಗ ಎದ್ದು ಮೊಸರನ್ನ ಕಲಸಿದೆ. ಅವಳ ಬಾಯೆಲ್ಲ ಹುಣ್ಣಾಗಿತ್ತು, ಮೆಣಸಿನಕಾಯಿ ಹಾಕಲಿಲ್ಲ. ಅವಳ ಸೀರೆ ತೆಗೆದು ಹಾಸಿಗೆ ಮೇಲಿಟ್ಟು, "ಏಳು, ಮಕ್ಕಳು ಮಳೆ ಲೆಕ್ಕ ತತ್ತಾವೆ" ಅಂತ ಎಬ್ಬಿಸಿದೆ. ಅವಳು ಹಲ್ಲುಜ್ಜುವಷ್ಟರಲ್ಲಿ ನಾನು ಬಸ್ ಸ್ಟ್ಯಾಂಡಿಗೆ ಹೋಗಿ, ಗುಂಡ್ಲುಪೇಟೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಎರಡು ಸೀಟು ಹಿಡಿದೆ.