ಅಚ್ಚುಕಟ್ಟಕ್ಕನ ಸಿದ್ಧ ಉತ್ತರ

ನಮ್ಮ ಗ್ರಾಹಕ ಸಹಾಯ ವಿಭಾಗದಲ್ಲಿ ಅವಳನ್ನು ಎಲ್ಲರೂ ಅಚ್ಚುಕಟ್ಟಕ್ಕ ಎಂದೇ ಕರೆಯುತ್ತಿದ್ದೆವು. ಮೇಜಿನ ಮೇಲಿನ ಪೆನ್ನೂ ಓರೆಯಾಗಿ ಮಲಗುವಂತಿರಲಿಲ್ಲ. ಆರ್ಡರ್ ನಂಬರೂ ಇಲ್ಲದೆ, ಏನಾಗಿದೆ ಎಂದೂ ಹೇಳದೆ, ‘ಸರಿ ಇಲ್ಲ, ನೋಡಿ’ ಎಂದಷ್ಟೇ ಬರೆಯುವ ಗ್ರಾಹಕರೆಂದರೆ ನನಗೆ ಮೈ ಉರಿಯುತ್ತಿತ್ತು. ಅವಳಿಗೆ ಕನಿಕರ. ಅಂಥವರಿಗೆಂದೇ ಒಂದು ಉತ್ತರ ಬರೆದಿಟ್ಟಿದ್ದಳು. ಗುಂಡಿ ಒತ್ತಿದರೆ ಹೋಗುತ್ತಿತ್ತು:

‘ನಮಸ್ಕಾರ. ಬರೆದದ್ದಕ್ಕೆ ಧನ್ಯವಾದ. ದಯವಿಟ್ಟು ನಿಮ್ಮ ಆರ್ಡರ್ ನಂಬರ್ ಮತ್ತು ಏನಾಗುತ್ತಿದೆ ಎಂಬುದನ್ನು ತಿಳಿಸಿ. ಖರೀದಿಯ ದಿನ ಬಂದ ಇಮೇಲ್‌ನಲ್ಲಿ ನಂಬರ್ ಇರುತ್ತದೆ. ಸಿಗದಿದ್ದರೆ ಆಗ ಕೊಟ್ಟ ಫೋನ್ ನಂಬರ್ ಸಾಕು. ತೊಂದರೆ ಕಾಣುವಂಥ ವಿಡಿಯೋ ಕಳಿಸಿದರೆ ಬೇಗ ಪರಿಹರಿಸಬಹುದು. ಪಾಸ್‌ವರ್ಡ್, ಕಾರ್ಡಿನ ವಿವರ ಕಳಿಸಬೇಡಿ.’

ಮೂರು ದಿನ ಮರುಮಾತು ಬಾರದಿದ್ದರೆ ದೂರು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಬಂದದ್ದು ಇಷ್ಟೇ: ‘ಇದು ವಾಸನೆ ಬರ್ತಿದೆ. ಏನ್ ಮಾಡ್ಲಿ?’ ಅಭ್ಯಾಸಬಲದಿಂದ ಗುಂಡಿ ಒತ್ತಿದಳು. ಹತ್ತು ನಿಮಿಷದ ಮೇಲೆ ಗಾಬರಿಯಿಂದ ಅದನ್ನೇ ಮತ್ತೆ ತೆರೆದಳು. ನಾವು ಮಾರುವುದೆಲ್ಲ ಕರೆಂಟಿನ ಸಾಮಾನು: ಇಸ್ತ್ರಿಪೆಟ್ಟಿಗೆ, ಕೆಟಲ್, ಬೆನ್ನಿಗೆ ಕಾವು ಕೊಡುವ ಹೀಟಿಂಗ್ ಪ್ಯಾಡ್.

“ಇಮೇಲ್ ಹಾಕಿ ಹುಡುಕ್ದೆ ಕಣೆ. ಇವ್ರ ಹೆಸ್ರಲ್ಲಿ ಆರ್ಡರ್ರೇ ಇಲ್ಲ.”

“ಯಾರೋ ಉಡುಗೊರೆ ಕೊಟ್ಟಿರ್ಬೇಕು ಬಿಡಕ್ಕ. ಬರೀತಾರೆ.”

ಅವಳು ಬಿಡಲಿಲ್ಲ. ‘ಮೊದಲು ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ’ ಎಂದು ಇನ್ನೊಂದು ಕಳಿಸಿದಳು. ಉತ್ತರವಿಲ್ಲ. ನಾನೂ ಅದನ್ನು ಹಗುರವಾಗಿ ತೆಗೆದುಕೊಳ್ಳುವುದನ್ನು ಬಿಟ್ಟೆ. ಆ ಮನೆಯಲ್ಲಿ ಏನೋ ಹೊತ್ತಿಕೊಂಡಿರಬಹುದು ಎಂದು ನನಗೂ ಭಯವಾಯಿತು.

ಹನ್ನೊಂದೂಮುಕ್ಕಾಲಿಗೆ ಮೊದಲನೆಯ ಉತ್ತರಕ್ಕೇ ಮರುಮಾತು ಬಂತು. ಕೆಳಗೆ ಫೋನ್ ನಂಬರ್, ಜೊತೆಗೆ ಒಂದು ವಿಡಿಯೋ. ಹೀಟಿಂಗ್ ಪ್ಯಾಡಿನ ಮೇಲೆ ಮಲಗಿದ ಮುದುಕಿ. ಸೊಂಟದ ಪಕ್ಕ ಪ್ಯಾಡಿನ ಮೇಲೆ ಕಂದು ಕಲೆ, ಅದರಿಂದೇಳುವ ಸಣ್ಣ ಹೊಗೆ. ಗಂಡಸಿನ ದನಿ ಕೇಳಿಸುತ್ತಿತ್ತು: “ಅಮ್ಮ, ಇನ್ನೊಂದ್ ನಿಮಿಷ ಅಲ್ಲಾಡ್ಬೇಡ.”

ನಂಬರ್ ನಾನು ಒತ್ತಿದೆ, ಫೋನನ್ನು ಅವಳು ಕಸಿದುಕೊಂಡಳು.

“ಸರ್, ಮೊದ್ಲು ಪ್ಲಗ್ ಕೀಳಿ. ಅಮ್ಮನ್ನ ಎಬ್ಬಿಸಿ.”

“ಈಗ ತೆಗ್ದೆ ಮೇಡಂ. ಬೆನ್ನು ಸ್ವಲ್ಪ ಕೆಂಪಾಗಿದೆ, ಅಷ್ಟೇ. ಬೆಳಿಗ್ಗೆ ವಾಸನೆ ಬಂದಾಗ್ಲೇ ಆರ್ಸಿದ್ದೆ. ನೀವು ವಿಡಿಯೋ ಕೇಳಿದ್ರಲ್ಲ, ಅದಕ್ಕೇ ಮತ್ತೆ ಹಾಕ್ದೆ. ಮೇಲೆ ಮಲಗಿದ್ರೇ ಹೊಗೆ ಬರೋದು.”

ಡಾಕ್ಟರಿಗೆ ತೋರಿಸಿ, ಪ್ಯಾಡ್ ಮತ್ತೆ ಮುಟ್ಟಬೇಡಿ ಎಂದು ಹೇಳಿ ಅವಳು ಫೋನಿಟ್ಟಳು. ಸಿದ್ಧ ಉತ್ತರದಿಂದ ವಿಡಿಯೋ ಮಾತನ್ನು ಅಳಿಸಿದಳು. ಎಲ್ಲಕ್ಕಿಂತ ಮೇಲೆ ಬರೆದಳು: ‘ವಾಸನೆ, ಹೊಗೆ, ಹೆಚ್ಚು ಬಿಸಿ ಇದ್ದರೆ ತಕ್ಷಣ ಪ್ಲಗ್ ತೆಗೆಯಿರಿ, ಮತ್ತೆ ಹಾಕಬೇಡಿ. ನಮಗೆ ಆಮೇಲೆ ಬರೆಯಿರಿ.’

“ಮುಗೀತಲ್ಲಕ್ಕ, ಊಟಕ್ಕೆ ನಡಿ,” ಎಂದೆ.

ಅವಳು ಮುಚ್ಚಿದ ದೂರುಗಳ ಪಟ್ಟಿ ತೆರೆದಳು. ಹಳೆಯ ಉತ್ತರ ಹೋಗಿ ಮರುಮಾತೇ ಬಾರದವು ಆರುನೂರ ಹನ್ನೆರಡು. ಮೊದಲನೆಯದು ಎರಡು ತಿಂಗಳ ಹಿಂದಿನದು. ‘ತುಂಬಾ ಬಿಸಿ ಆಗ್ತಿದೆ’ ಎಂದಷ್ಟೇ ಇತ್ತು.